ನಾಲ್ಕನೇ ಕಾಗದ

ಬ್ಯಾಂಕಿಗೆ ಬರೆದ ಆ ಕಾಗದ ಒಂದು ಸಲ ಓದಿಕೆ ಕೊಡಿ ಅಂತ ನಮ್ಮ ಸಂಘದ ಮೀಟಿಂಗಿನಲ್ಲಿ ಮೂರು ನಾಲ್ಕು ಜನ ಕೇಳಿದ್ದೀರಿ. ಮೇಕೇರಿಯಿಂದ ಚಿಕ್ಕವ್ವನೂ ಫೋನ್ ಮಾಡಿ ಕೇಳಿದ್ದಾರೆ. ಹಾಗಾಗಿ ಇಲ್ಲಿ ಪೂರ್ತಿ ಹಾಕ್ತೇನೆ. ಆದರೆ ಬರೀ ಕಾಗದ ಓದಿದರೆ ಎಂತದೂ ಅರ್ಥ ಆಗಲಿಕ್ಕಿಲ್ಲ, ಅದಕ್ಕೆ ಮೊದಲು ನಡೆದದ್ದು ಹೇಳಬೇಕು.

2023ರ ಜೂನ್ 23, ಶುಕ್ರವಾರ, ಮಡಿಕೇರಿ ಸಂತೆ ದಿನ. ತೋಟದಲ್ಲಿ ಐದು ಜನ ಹೆಂಗಸರು ನಾಲ್ಕು ದಿನ ಕಳೆ ತೆಗೆದಿದ್ದರು, ಅವರ ಕೂಲಿ ಎಂಟು ಸಾವಿರ ಆಗಿತ್ತು. ಸಂತೆ ಮುಗಿಸಿ ದುಡ್ಡು ತೆಗೆದುಕೊಂಡು ಬರುವ ಅಂತ ನಮ್ಮದೇ ಬ್ಯಾಂಕಿನ ಎಟಿಎಂಗೆ ಹೋದೆ. ಕಾರ್ಡು ಹಾಕಿದೆ, ಪಿನ್ ಒತ್ತಿದೆ, 8,000 ಅಂತ ಒತ್ತಿದೆ. ಒಳಗೆ ನೋಟು ಎಣಿಸುವ ಗರಗರ ಶಬ್ದ ಶುರುವಾಯ್ತು, ಅಷ್ಟರಲ್ಲಿ ಕರೆಂಟು ಹೋಯ್ತು. ಅದರ ಬ್ಯಾಟರಿಯೂ ಕೈಕೊಟ್ಟಿತೋ ಏನೋ, ಮಿಷನ್ ಪೂರಾ ಕಪ್ಪಾಯ್ತು. ಐದಾರು ನಿಮಿಷ ಅಲ್ಲೇ ನಿಂತೆ. ಕರೆಂಟು ಬಂತು, ಮಿಷನ್ ತನ್ನಷ್ಟಕ್ಕೆ ಚಾಲು ಆಗಿ ಮೊದಲಿನ ಸ್ವಾಗತದ ಪರದೆ ತೋರಿಸಿತು. ಕಾರ್ಡು ಕೈಯಲ್ಲಿ ಇತ್ತು. ನೋಟೂ ಇಲ್ಲ, ಸ್ಲಿಪ್ಪೂ ಇಲ್ಲ. ಮೊಬೈಲ್ ನೋಡಿದರೆ 11 ಗಂಟೆ 42 ನಿಮಿಷಕ್ಕೆ ಎಂಟು ಸಾವಿರ ಕಡಿತ ಆಗಿದೆ ಅಂತ ಮೆಸೇಜ್ ಬಂದು ಕೂತಿದೆ.

ಮಿಷನ್ನಿನ ಮೇಲೆ ಅಂಟಿಸಿದ ನಂಬರಿನ ಫೋಟೋ ತೆಗೆದುಕೊಂಡೆ. ಅಲ್ಲೇ ಬರೆದಿದ್ದ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ, ದೂರಿನ ನಂಬರು ಬಂತು. ಕೂಲಿಯವರನ್ನು ಕಾಯಿಸುವುದು ಹೇಗೆ? ಸಂಘದಿಂದ ಕೈಸಾಲ ತೆಗೆದು ಸಂಜೆಯೇ ಕೊಟ್ಟೆ. ಎರಡು ಮೂರು ದಿನದಲ್ಲಿ ತಾನಾಗಿ ವಾಪಸ್ ಬರ್ತದೆ ಅಂತ ಎಲ್ಲರೂ ಹೇಳಿದರು. ಎಷ್ಟೋ ಸಲ ಹಾಗೆ ಬರ್ತದೆ ಕೂಡ.

ಈ ಸಲ ಬರಲಿಲ್ಲ. ಜೂನ್ 30ಕ್ಕೆ ಒಂದು ಮೆಸೇಜ್ ಬಂತು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ದಾಖಲೆಗಳ ಪ್ರಕಾರ ಸದರಿ ವಹಿವಾಟು ಯಶಸ್ವಿಯಾಗಿದೆ, ದೂರು ಮುಕ್ತಾಯವಾಗಿದೆ. ಜುಲೈ 5ಕ್ಕೆ ಶಾಖೆಗೆ ಹೋಗಿ ಬರಹದಲ್ಲಿ ಕೊಟ್ಟೆ, ಸೀಲ್ ಹಾಕಿಸಿಕೊಂಡೆ. 12ನೇ ತಾರೀಕಿಗೆ ಇಮೇಲಿನಲ್ಲಿ ಉತ್ತರ, ಅದೇ ವಿಷಾದ, ಅದೇ ಯಶಸ್ವಿ. ಜುಲೈ 15ಕ್ಕೆ ಬ್ಯಾಂಕಿನ ಕುಂದುಕೊರತೆ ವಿಭಾಗದ ಇಮೇಲಿಗೆ ಬರೆದೆ. 24ಕ್ಕೆ ಮೂರನೇ ಉತ್ತರ ಬಂತು, ನಮ್ಮ ಹಿಂದಿನ ಉತ್ತರವನ್ನು ಗಮನಿಸಿ ಅಂತ. ಮೂರರಲ್ಲೂ 'ಮಾನ್ಯ ಗ್ರಾಹಕರೇ' ಅಂತಲೇ ಶುರು. ನನ್ನ ಹೆಸರು ಒಂದರಲ್ಲೂ ಇಲ್ಲ, ಕರೆಂಟು ಹೋದ ಮಾತೂ ಒಂದರಲ್ಲೂ ಇಲ್ಲ.

ದುಡ್ಡಿನದು ಒಂದು ಕಡೆ. ಯಶಸ್ವಿ ಅಂತ ಮೂರು ಸಲ ಬರೆದು ಕಳಿಸಿದರೆ ಮನೆಯಲ್ಲಿ ಎಂತ ಆಗ್ತದೆ ಗೊತ್ತುಂಟಾ? ಯಶಸ್ವಿ ಅಂದರೆ ದುಡ್ಡು ನನ್ನ ಕೈಗೆ ಬಂದಿದೆ ಅಂತ ಅರ್ಥ. ನಮ್ಮ ಅತ್ತೆ ಒಳ್ಳೆಯವರೇ, ಆದರೂ ಒಂದಿನ ಅಕ್ಕಿ ಆರಿಸ್ತಾ ಇದ್ದವರು ತಲೆ ಎತ್ತದೆ ಕೇಳಿದರು, "ನೀ ಸರಿ ನೋಡಿದನಾ? ದುಡ್ಡ್ ಬಂದದ್ ಇಲ್ಲೆನಾ?" ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನನ್ನ ದೊಡ್ಡವ್ವನ ಮಗಳು, ನಾವೆಲ್ಲ ಅಕ್ಕ ಅಂತಲೇ ಕರೆಯುವುದು, ಬೇರೆ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಜುಲೈ ಕೊನೆಯ ಭಾನುವಾರ ಬಂದಿದ್ದರು. ಮೂರು ಉತ್ತರಗಳನ್ನೂ ಮುಂದಿಟ್ಟೆ. ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದರು. "ಇವು ಯಾರೂ ನಿನ್ನ ಕಾಗದ ಓದಿತ್ಲೆ ಮಾರಾಯ್ತಿ. ಕಂಪ್ಯೂಟರ್ ನೋಡಿಯೊಳ, ಅಷ್ಟೇ" ಅಂದರು.

ಕಂಪ್ಯೂಟರಿನಲ್ಲಿ ಯಶಸ್ವಿ ಅಂತ ಯಾಕೆ ಕಾಣ್ತದೆ ಅನ್ನುವುದನ್ನು ಅಕ್ಕ ಬಿಡಿಸಿ ಹೇಳಿದ ಮೇಲೆಯೇ ನನಗೆ ಈ ವಿಷಯದ ಬುಡ ಸಿಕ್ಕಿದ್ದು. ನಾವು ಮೊತ್ತ ಒತ್ತಿದ ಕೂಡಲೇ ಮಿಷನ್ ಬ್ಯಾಂಕಿನ ಕಂಪ್ಯೂಟರನ್ನು ಕೇಳ್ತದೆ, ಇವರ ಖಾತೆಯಲ್ಲಿ ದುಡ್ಡು ಉಂಟಾ, ಕೊಡಲಾ ಅಂತ. ಉಂಟು, ಕೊಡು ಅಂತ ಒಪ್ಪಿಗೆ ಬರ್ತದೆ, ಅದೇ ಕ್ಷಣ ಖಾತೆಯಿಂದ ಕಳೆಯುತ್ತದೆ. ನೋಟು ಎಣಿಸಿ ಹೊರಗೆ ತಳ್ಳುವುದು ಅದರ ನಂತರದ ಕೆಲಸ. ನೋಟು ಹೊರಗೆ ಬರದಿದ್ದರೆ ಮಿಷನ್ ಮತ್ತೆ ಹೇಳಬೇಕು, ಕೊಡಲಿಕ್ಕೆ ಆಗಲಿಲ್ಲ, ವಾಪಸ್ ಹಾಕು ಅಂತ. ಆ ಎರಡನೇ ಮಾತು ಹೇಳುವ ಮೊದಲೇ ಕರೆಂಟು ಅಥವಾ ನೆಟ್ವರ್ಕ್ ಸತ್ತರೆ, ಬ್ಯಾಂಕಿನ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಟ್ಟ ಲೆಕ್ಕ ಮಾತ್ರ ಉಳಿಯುತ್ತದೆ. ಅದನ್ನು ನೋಡಿದವರಿಗೆ ಯಶಸ್ವಿ ಅಂತಲೇ ಕಾಣೋದು. ಅವರು ಸುಳ್ಳು ಹೇಳ್ತಾ ಇಲ್ಲ, ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ.

ಹಾಗಾದರೆ ನಿಜ ಎಲ್ಲಿರ್ತದೆ? ಮೂರು ಜಾಗದಲ್ಲಿ. ಒಂದು, ಮಿಷನ್ ತಾನೇ ಒಳಗೆ ನಿಮಿಷ ನಿಮಿಷಕ್ಕೆ ಬರೆದುಕೊಳ್ಳುವ ದಿನಚರಿ. ಅದಕ್ಕೆ ಬ್ಯಾಂಕಿನವರು ಇಜೆ ಲಾಗ್ ಅಂತಾರೆ, ಎಲೆಕ್ಟ್ರಾನಿಕ್ ಜರ್ನಲ್. ನೋಟು ಎಣಿಸಿದೆ, ಬಾಗಿಲಿಗೆ ತಂದೆ, ಗಿರಾಕಿ ತೆಗೆದುಕೊಂಡ, ಇಲ್ಲಾ ನಡುವೆ ನಿಂತಿತು, ಎಲ್ಲ ಅದರಲ್ಲಿ ಸಿಗ್ತದೆ. ಎರಡು, ನೋಟಿನ ಲೆಕ್ಕ. ಮಿಷನ್ನಿಗೆ ದುಡ್ಡು ತುಂಬುವವರು ಬಂದಾಗ ಉಳಿದ ನೋಟು ಎಣಿಸ್ತಾರೆ. ಹೊರಗೆ ಬರದ ನೋಟು ಒಳಗಿನ ಬೇರೆ ಡಬ್ಬಿಯಲ್ಲಿ ಬಿದ್ದಿರ್ತದೆ, ಹಾಗಾಗಿ ಲೆಕ್ಕಕ್ಕಿಂತ ಎಂಟು ಸಾವಿರ ಹೆಚ್ಚು ಕಾಣಬೇಕು. ಮೂರು, ಕ್ಯಾಮೆರಾ. ಅದರ ಚಿತ್ರ ಬ್ಯಾಂಕಿನವರು ಕೆಲವು ಕಾಲ ಮಾತ್ರ ಇಟ್ಟುಕೊಳ್ಳುವುದು, ಆಮೇಲೆ ಅಳಿಸಿ ಹೋಗ್ತದೆ. ನಾವು ಸುಮ್ಮನೆ ಕೂತರೆ ನಷ್ಟ ಇಲ್ಲೇ.

ಅತ್ತೆ ಇದನ್ನೆಲ್ಲ ಬಾಗಿಲ ಹತ್ತಿರ ನಿಂತು ಕೇಳ್ತಾ ಇದ್ದರು. "ಹಂಗರೆ ನಮ್ಮ ದುಡ್ಡ್ ಅದ್ರ ಹೊಟ್ಟೇಲಿ ಉಟ್ಟು!" ಅಂದರು. ನನಗೆ ಅರ್ಧ ದುಡ್ಡು ಅವತ್ತೇ ಬಂದ ಹಾಗೆ ಆಯ್ತು.

ನಾಲ್ಕನೇ ಕಾಗದ ಯಾರಿಗೆ ಬರೆಯುವುದು ಅನ್ನುವುದು ಮುಂದಿನ ಪ್ರಶ್ನೆ. ಪ್ರತಿ ಶಾಖೆಯಲ್ಲಿ ಒಂದು ಬೋರ್ಡು ಇರ್ತದೆ, ದೂರು ಇದ್ದರೆ ಯಾರನ್ನು ಕಾಣಬೇಕು ಅಂತ. ಮೊದಲು ಶಾಖೆಯ ಮ್ಯಾನೇಜರ್, ಅದರ ಮೇಲೆ ಪ್ರಾದೇಶಿಕ ಕಚೇರಿಯ ನೋಡಲ್ ಅಧಿಕಾರಿ, ಎಲ್ಲರ ಮೇಲೆ ಪ್ರಧಾನ ನೋಡಲ್ ಅಧಿಕಾರಿ. ಹೆಚ್ಚಿನವರು ಆ ಬೋರ್ಡಿನ ಕೆಳಗೆ ಕೊಡೆ ಒರಗಿಸಿ ಇಡ್ತೇವೆ, ಓದುವುದಿಲ್ಲ. ನಾನು ಪ್ರಾದೇಶಿಕ ಕಚೇರಿಯ ದೊಡ್ಡ ಮ್ಯಾನೇಜರಿಗೆ ಬರೆದೆ, ನೋಡಲ್ ಅಧಿಕಾರಿಯೂ ಅವರೇ ಆಗಿದ್ದರು. ಇಮೇಲಿಗಿಂತ ಮೊದಲು ರಿಜಿಸ್ಟರ್ ಪೋಸ್ಟ್ ಮಾಡು ಅಂತ ಅಕ್ಕ ಹೇಳಿದರು. ಇಮೇಲ್ ಹೋಗಿ ಬೀಳುವುದು ಮೊದಲು ಮೂರು ಉತ್ತರ ಹೊರಟ ಅದೇ ಬುಟ್ಟಿಗೆ. ಕಾಗದ ಹೋದರೆ ಆ ಕಚೇರಿಯಲ್ಲಿ ಸೀಲ್ ಬೀಳ್ತದೆ, ಆವಕದ ನಂಬರು ಬೀಳ್ತದೆ, ಯಾರದ್ದಾದರೂ ಮೇಜಿನ ಮೇಲೆ ಕೂತುಕೊಳ್ತದೆ.

ಬರೆಯಲು ಕೂತಾಗ ಅಕ್ಕ ಒಂದೇ ಮಾತು ಹೇಳಿದ್ದು, "ಕಷ್ಟ ಸುಖ ಮೂರ್ ಸಲ ಹೇಳಿ ಆತಲ್ಲಾ, ಈಗ ಪ್ರಶ್ನೆ ಕೇಳ್. ಕಂಪ್ಯೂಟರ್ ನೋಡಿ ಉತ್ತರ ಬರೆಯಕ್ಕೆ ಆಗದ ಪ್ರಶ್ನೆ ಕೇಳ್." ನಂಬರುಗಳನ್ನು ತೆಗೆದು, ಉಳಿದದ್ದು ಇದ್ದ ಹಾಗೇ ಇಲ್ಲಿ ಹಾಕಿದ್ದೇನೆ.

ದಿನಾಂಕ 31-07-2023
ಗಾಳಿಬೀಡು

ಪ್ರಾದೇಶಿಕ ವ್ಯವಸ್ಥಾಪಕರು ಹಾಗೂ ನೋಡಲ್ ಅಧಿಕಾರಿಗಳಿಗೆ,

ವಿಷಯ: ದಿನಾಂಕ 23-06-2023ರಂದು ಎಟಿಎಂನಿಂದ ಬಾರದ ರೂ. 8,000ದ ಬಗ್ಗೆ. ಮೂರು ದೂರುಗಳಿಗೆ ವಿಚಾರಣೆ ಇಲ್ಲದ ಉತ್ತರ ಬಂದ ಕಾರಣ ತಮ್ಮ ಗಮನಕ್ಕೆ.

ಮಾನ್ಯರೇ,

ದಿನಾಂಕ 23-06-2023ರಂದು ಬೆಳಿಗ್ಗೆ 11-42ಕ್ಕೆ ಮಡಿಕೇರಿಯಲ್ಲಿರುವ ತಮ್ಮ ಬ್ಯಾಂಕಿನ ಎಟಿಎಂನಲ್ಲಿ (ಮಿಷನ್ ನಂಬರ್ ........) ರೂ. 8,000 ತೆಗೆಯುವಾಗ ವಿದ್ಯುತ್ ನಿಲುಗಡೆಯಾಗಿ ಯಂತ್ರ ನಿಂತಿತು. ಹಣ ಬರಲಿಲ್ಲ. ಖಾತೆಯಿಂದ ಕಡಿತವಾಗಿದೆ. ಯಂತ್ರ ಪುನಃ ಚಾಲನೆಗೊಂಡು ಮೊದಲ ಪರದೆ ಬರುವವರೆಗೆ ನಾನು ಅಲ್ಲಿಯೇ ಇದ್ದೆ.

ಇದರ ಬಗ್ಗೆ ಜೂನ್ 23, ಜುಲೈ 5 ಮತ್ತು ಜುಲೈ 15ರಂದು ದೂರು ನೀಡಿದ್ದೇನೆ. ಜೂನ್ 30, ಜುಲೈ 12 ಮತ್ತು ಜುಲೈ 24ರಂದು ಉತ್ತರ ಬಂದಿದೆ. ದೂರಿನ ನಂಬರುಗಳು ಕ್ರಮವಾಗಿ ........, ........, ......... ಆರೂ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂರು ಉತ್ತರಗಳಲ್ಲಿಯೂ ವಹಿವಾಟು ಯಶಸ್ವಿಯಾಗಿದೆ ಎಂದಷ್ಟೇ ಇದೆ. ಯಾವ ದಾಖಲೆ ನೋಡಿ ಹಾಗೆ ತೀರ್ಮಾನಿಸಲಾಯಿತು ಎಂದು ಒಂದರಲ್ಲಿಯೂ ಇಲ್ಲ. ವಿದ್ಯುತ್ ನಿಲುಗಡೆಯ ಬಗ್ಗೆಯೂ ಪ್ರಸ್ತಾಪವಿಲ್ಲ.

ಆದ್ದರಿಂದ ಈ ಕೆಳಗಿನವುಗಳಿಗೆ ತಾವು ಉತ್ತರ ಕೊಡಿಸಬೇಕು. ಆ ದಿನ 11-35ರಿಂದ 11-55ರವರೆಗೆ ಯಂತ್ರದ ಇಜೆ ಲಾಗ್‌ನಲ್ಲಿ ಏನು ದಾಖಲಾಗಿದೆ? ನೋಟುಗಳನ್ನು ಗ್ರಾಹಕರು ತೆಗೆದುಕೊಂಡರು ಎಂದು ಅದರಲ್ಲಿ ಇದೆಯೇ? ಆ ದಿನದ ನಂತರ ಯಂತ್ರದ ನಗದು ಎಣಿಕೆ ನಡೆದದ್ದು ಯಾವಾಗ, ಆಗ ಹೆಚ್ಚುವರಿ ನಗದು ಕಂಡುಬಂದಿದೆಯೇ? ಅದೇ ಅವಧಿಯ ಕ್ಯಾಮೆರಾ ದೃಶ್ಯಗಳನ್ನು ಈ ದೂರು ಇತ್ಯರ್ಥವಾಗುವವರೆಗೆ ಅಳಿಸದೆ ಕಾಯ್ದಿರಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಭಾರತೀಯ ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ, ಹಣ ಬಾರದ ಎಟಿಎಂ ವಹಿವಾಟಿನ ಮೊತ್ತವನ್ನು ವಹಿವಾಟಿನ ದಿನದಿಂದ ಐದು ದಿನದೊಳಗೆ ಮರಳಿ ಜಮೆ ಮಾಡಬೇಕು. ಅದು ಜೂನ್ 28ಕ್ಕೆ ಮುಗಿದಿದೆ. ನಂತರದ ಪ್ರತಿ ದಿನದ ವಿಳಂಬಕ್ಕೆ ರೂ. 100ರಂತೆ, ಗ್ರಾಹಕರು ಕೇಳದಿದ್ದರೂ ಬ್ಯಾಂಕೇ ಜಮೆ ಮಾಡಬೇಕು. ಜೂನ್ 29ರಿಂದ ಇಂದಿನವರೆಗೆ 33 ದಿನಗಳಾಗಿದ್ದು ರೂ. 3,300 ಆಗುತ್ತದೆ. ಮೂಲ ಮೊತ್ತ ಜಮೆಯಾಗುವ ದಿನದವರೆಗೆ ಇದು ಮುಂದುವರಿಯುತ್ತದೆ.

ನನ್ನ ದೂರನ್ನು ತಾವು ಪುನಃ ತಿರಸ್ಕರಿಸುವುದಾದರೆ, ಅದನ್ನು ಬ್ಯಾಂಕಿನ ಆಂತರಿಕ ಒಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಯೇ ಎಂಬುದನ್ನು ಉತ್ತರದಲ್ಲಿ ತಿಳಿಸಬೇಕು. ಆಗಸ್ಟ್ 16ರೊಳಗೆ ಮೇಲಿನ ಪ್ರಶ್ನೆಗಳಿಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ನೀಡುತ್ತೇನೆ.

ಇಂತಿ,

ಕಾಗದ ಇಷ್ಟೇ. ಒಂದೂವರೆ ಪುಟ ಬಂತು. ಬೈಗುಳ ಇಲ್ಲ, ಸಂಘದ ಸಾಲದ ಕಥೆ ಇಲ್ಲ, ಅತ್ತೆಯ ಮಾತೂ ಇಲ್ಲ. ಬರೆಯುವಾಗ ಕೈ ತುರಿಸ್ತಾ ಇತ್ತು, ಒಂದೆರಡು ಸಾಲು ಸೇರಿಸಿಯೂ ಇದ್ದೆ, ಅಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿದರು. ಸಿಟ್ಟಿನ ಸಾಲು ಇದ್ದರೆ ಉತ್ತರ ಬರೆಯುವವರು ಅದಕ್ಕೆ ವಿಷಾದ ಹೇಳಿ ಮುಗಿಸಿಬಿಡ್ತಾರಂತೆ, ಪ್ರಶ್ನೆ ಹಾಗೇ ಉಳೀತದೆ.

ಮೂರು ದೂರಿನ ನಂಬರುಗಳನ್ನು ಒಂದೇ ಕಡೆ ಬರೆದದ್ದಕ್ಕೂ ಕಾರಣ ಉಂಟು. ನಾವು ಪ್ರತಿ ಸಲ ಹೊಸದಾಗಿ ದೂರು ಕೊಟ್ಟಾಗ ಹೊಸ ನಂಬರು ಬರ್ತದೆ, ಹಳೇದು ಮುಕ್ತಾಯ ಆಗಿರ್ತದೆ. ನೋಡುವವರಿಗೆ ಪ್ರತಿಯೊಂದೂ ಮೊದಲನೇ ದೂರಿನ ಹಾಗೆ ಕಾಣ್ತದೆ. ಒಂದೇ ಹಾಳೆಯಲ್ಲಿ ಮೂರೂ ದೂರು, ಮೂರೂ ಉತ್ತರ, ತಾರೀಕು ಸಮೇತ ಇದ್ದರೆ ಮೇಲಿನವರಿಗೆ ಕಾಣುವುದು ಬೇರೆ, ತಮ್ಮ ಕೈಕೆಳಗಿನವರು ಮೂರು ಸಲ ಓದದೆ ಮುಚ್ಚಿದ್ದಾರೆ ಅಂತ.

ಆಂತರಿಕ ಒಂಬುಡ್ಸ್‌ಮನ್ ಅಂದರೆ ಎಂತ ಅಂತ ನನಗೂ ಮೊದಲು ಗೊತ್ತಿರಲಿಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಒಬ್ಬರು ಇರ್ತಾರೆ. ಗ್ರಾಹಕರ ದೂರನ್ನು ಆಗುವುದಿಲ್ಲ ಅಂತ ತಳ್ಳಿ ಹಾಕುವ ಮೊದಲು ಬ್ಯಾಂಕು ಅವರಿಗೆ ತೋರಿಸಬೇಕು. ನಮಗೆ ನೇರವಾಗಿ ಅವರಲ್ಲಿಗೆ ಹೋಗಲಿಕ್ಕೆ ಇಲ್ಲ. ಆದರೆ ತೋರಿಸಿದ್ದೀರಾ ಅಂತ ಕೇಳಲಿಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಈ ಒಂದು ಸಾಲಿಗೆ ತೂಕ ಜಾಸ್ತಿ ಅಂತ ಅಕ್ಕ ಹೇಳಿದ್ದರು.

ಮಂಗಳವಾರ ಮಡಿಕೇರಿಗೆ ಹೋಗಿ ರಿಜಿಸ್ಟರ್ ಮಾಡಿದೆ, ತಲುಪಿದ ಕಾರ್ಡು ವಾಪಸ್ ಬರುವ ಹಾಗೆ. ಆ ವಾರ ಪೂರಾ ಗಾಳಿ ಮಳೆ, ಮೊಬೈಲ್ ಸಿಗ್ನಲ್ ಸತ್ತು ಹೋಗಿತ್ತು. ನಮ್ಮ ಊರಿಗೆ ಗಾಳಿಬೀಡು ಅಂತ ಸುಮ್ಮನೆ ಹೆಸರು ಬಂದದ್ದಲ್ಲ ನೋಡಿ. ಆಗಸ್ಟ್ 8ಕ್ಕೆ ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ ಕೇಳುವ ಹಾಗೆ ಒಂದು ಫೋನ್ ಬಂತು. ಪ್ರಾದೇಶಿಕ ಕಚೇರಿಯಿಂದ ಒಬ್ಬರು ಅಧಿಕಾರಿ. ಮೊದಲ ಸಲ ಯಾರೋ ನನ್ನ ಹೆಸರು ಹಿಡಿದು ಮಾತಾಡಿದರು. ಕರೆಂಟು ಹೋದದ್ದು ಎಷ್ಟು ಹೊತ್ತಿಗೆ, ನಿಮ್ಮ ಹಿಂದೆ ಯಾರಾದರೂ ಇದ್ದರಾ ಅಂತ ಕೇಳಿದರು. ಹೇಳಿದೆ. ಇಜೆ ತರಿಸಿದ್ದೇವಮ್ಮ, ನೋಟು ಎಣಿಸಿದ ಮೇಲೆ ಮುಂದಿನ ಸಾಲೇ ಇಲ್ಲ, ಮಿಷನ್ ಹೊಸದಾಗಿ ಚಾಲು ಆದದ್ದು ಉಂಟು, ಎಣಿಕೆಯಲ್ಲಿ ಎಂಟು ಸಾವಿರ ಹೆಚ್ಚು ಬಂದದ್ದೂ ಉಂಟು ಅಂದರು. ಅಂದರೆ ಆ ಹೆಚ್ಚಿನ ದುಡ್ಡು ಅಷ್ಟು ದಿನ ಅವರ ಲೆಕ್ಕದ ಪುಸ್ತಕದಲ್ಲೇ ಕೂತಿತ್ತು, ನನ್ನ ದೂರು ಇನ್ನೊಂದು ಪುಸ್ತಕದಲ್ಲಿ. ಎರಡನ್ನೂ ಯಾರೂ ಒಟ್ಟಿಗೆ ತೆರೆದಿರಲಿಲ್ಲ.

ಆಗಸ್ಟ್ 11ಕ್ಕೆ ಎಂಟು ಸಾವಿರ ಬಂತು. ಸಂಘದ ಸಾಲ ಅವತ್ತೇ ತೀರಿಸಿದೆ. ಆದರೆ ದಿನಕ್ಕೆ ನೂರರ ಲೆಕ್ಕ ಬರಲಿಲ್ಲ. ದೊಡ್ಡ ದುಡ್ಡು ಬಂತಲ್ಲ, ಇನ್ನು ಬಿಡು ಅಂತ ಮನೆಯವರು ಅಂದರು. ಬಿಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ, ಅದು ದಾನ ಅಲ್ಲ, ನಿಯಮ. ಅದೇ ಅಧಿಕಾರಿಗೆ, ಅದೇ ಕಾಗದದ ನಂಬರು ಹಾಕಿ ನಾಲ್ಕು ಸಾಲು ಬರೆದೆ. ಜೂನ್ 29ರಿಂದ ಆಗಸ್ಟ್ 11ರವರೆಗೆ 44 ದಿನ, ರೂ. 4,400 ಬಾಕಿ ಇದೆ ಅಂತ. ಆಗಸ್ಟ್ 25ಕ್ಕೆ 4,300 ಜಮೆ ಆಯ್ತು. ದುಡ್ಡು ಬಂದ ದಿನವನ್ನು ಅವರು ತಡ ಅಂತ ಲೆಕ್ಕ ಹಿಡಿಯಲಿಲ್ಲ. ಆ ನೂರಕ್ಕೆ ನಾನು ಹೋಗಲಿಲ್ಲ. ಅತ್ತೆ ಮಾತ್ರ ಇವತ್ತಿಗೂ ಆ ನೂರು ರೂಪಾಯಿ ಕೇಳ್ತಾ ಇರ್ತಾರೆ.

ಇದೇ ಕಾಗದ ಎಲ್ಲದಕ್ಕೂ ನಡೀತದೆ ಅಂತ ತಿಳ್ಕೊಬೇಡಿ. ನಾವು ಕಾಯದೆ ಹೊರಟು ಹೋಗಿ, ಆಮೇಲೆ ನೋಟು ಹೊರಗೆ ಬಂದು, ಹಿಂದಿನವರು ಎತ್ತಿಕೊಂಡು ಹೋದರೆ ಮಿಷನ್ನಿನ ದಿನಚರಿಯಲ್ಲಿ ದುಡ್ಡು ತೆಗೆದುಕೊಂಡ ಹಾಗೆಯೇ ಇರ್ತದೆ, ಎಣಿಕೆಯಲ್ಲಿ ಹೆಚ್ಚೂ ಕಾಣುವುದಿಲ್ಲ. ಆಗ ಇರುವ ಆಸರೆ ಕ್ಯಾಮೆರಾ ಒಂದೇ, ಅದೂ ಪೊಲೀಸ್ ದೂರಿನ ದಾರಿ. ಅದಕ್ಕೇ ಮಿಷನ್ ಕೆಟ್ಟರೆ ಮೊದಲ ಪರದೆ ಬರುವವರೆಗೆ ಅಲ್ಲಿಂದ ಕದಲಬಾರದು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹೀಗಾದರೂ ದೂರು ಕೊಡಬೇಕಾದದ್ದು ನಿಮ್ಮ ಖಾತೆ ಇರುವ ಬ್ಯಾಂಕಿಗೇ. ಆ ಇನ್ನೊಂದು ಬ್ಯಾಂಕಿನ ಹತ್ತಿರ ಕೇಳಿ ತರುವುದು ಇವರ ಕೆಲಸ.

ದೊಡ್ಡ ಮ್ಯಾನೇಜರೂ ಅದೇ ಅಚ್ಚಿನ ಉತ್ತರ ಕೊಟ್ಟಿದ್ದರೆ ಮುಂದಿನ ಬಾಗಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಆಗ ಇದ್ದದ್ದು 2021ರ ನವೆಂಬರಿನಲ್ಲಿ ಬಂದ ಯೋಜನೆ. ಬ್ಯಾಂಕಿಗೆ ಮೊದಲು ದೂರು ಕೊಟ್ಟಿರಬೇಕು. ಮೂವತ್ತು ದಿನ ಕಳೆದರೂ ಉತ್ತರ ಬರದಿದ್ದರೆ, ಇಲ್ಲಾ ಬಂದ ಉತ್ತರ ಸಮಾಧಾನ ಆಗದಿದ್ದರೆ ಹೋಗಬಹುದು, 2023ರಲ್ಲಿ ಅದಕ್ಕೆ ಉತ್ತರ ಬಂದು ಒಂದು ವರ್ಷದ ಗಡುವು ಇತ್ತು. ಫೀಸು ಇಲ್ಲ, ವಕೀಲರು ಬೇಡ. cms.rbi.org.in ಅನ್ನುವ ಕಡೆ ತುಂಬಿಸಬೇಕು, ಮಕ್ಕಳ ಹತ್ತಿರ ಹೇಳಿದರೆ ಮಾಡಿ ಕೊಡ್ತಾರೆ. ನನಗೂ ನೇರವಾಗಿ ಅಲ್ಲಿಗೇ ಹೋಗಬಹುದಿತ್ತು, ಮೂರು ಉತ್ತರ ಕೈಯಲ್ಲಿ ಇತ್ತಲ್ಲ. ಆದರೆ ಅಲ್ಲಿ ವಿಚಾರಣೆಗೆ ತಿಂಗಳುಗಳು ಹಿಡಿಯಬಹುದು, ಅಷ್ಟರಲ್ಲಿ ಕ್ಯಾಮೆರಾದ ಚಿತ್ರ ಹೋಗ್ತದೆ ಅಂತ ಅಕ್ಕನಿಗೆ ಹೆದರಿಕೆ. ಅದಕ್ಕೇ ಮೊದಲು ಈ ದಾರಿ.

ಕಾಗದದ ನಕಲು ನನ್ನ ಹತ್ತಿರ ಉಂಟು, ಲಗತ್ತು ಸಮೇತ. ಬೇಕಾದವರು ಬಂದು ನೋಡಿ. ಬರುವಾಗ ನಿಮ್ಮ ಪಾಸ್‌ಬುಕ್ಕೂ ಆ ದಿನದ ಮೆಸೇಜೂ ತನ್ನಿ, ತಾರೀಕು ಎಣಿಸಿ ಒಟ್ಟಿಗೆ ಕೂತು ಬರೆಯುವ. ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಅದರ ಮೊದಲು ದನದ ಕೆಲಸ ಇರ್ತದೆ.